ಸೋಡಿಯೊಳಗಣ ಬಡ್ಡಿ

1993ನೆಯ ಇಸವಿಯ ಕೊನೆಯ ಭಾಗದಲ್ಲಿ ಗುಜರಾತಿನ ಸರ್ದಾರ್ ಸರೋವರ ನರ್ಮದಾ ನಿಗಮವು, ನರ್ಮದೆಗೆ ಅಡ್ಡಲಾಗಿ ಏಳುತ್ತಿದ್ದ ಅಣೆಕಟ್ಟಿನ ಮತ್ತು ಅದರ ಕಾಲುವೆಗಳ ವೆಚ್ಚಕ್ಕೆ ಹಣ ಕೂಡಿಸುವ ಸಲುವಾಗಿ, ಸಾರ್ವಜನಿಕರ ಮುಂದೆ ಒಂದು ವಿಶಿಷ್ಟವಾದ ಸಾಲಪತ್ರವನ್ನು ಇರಿಸಿತು. ಅದನ್ನು ಕೊಳ್ಳುವವನು ಅಂದು ತೆರಬೇಕಾದದ್ದು 3,600 ರೂಪಾಯಿ. ಇಪ್ಪತ್ತು ವರ್ಷ ಕಳೆದ ಮೇಲೆ ನಿಗಮವು ಅವನಿಗೆ ಕೊಡಲು ಒಪ್ಪಿಕೊಂಡದ್ದು 1,11,000 ರೂಪಾಯಿ. ನಡುವಣ ವರ್ಷಗಳಲ್ಲಿ ಬಡ್ಡಿಯೆಂಬ ಹೆಸರಿನಲ್ಲಿ ಕೈಯಿಂದ ಕೈಗೆ ಸಂದಾಯವಾಗತಕ್ಕದ್ದು ಏನೂ ಇಲ್ಲ. ಇಂಥ ಸಾಲಪತ್ರವನ್ನು ಕೊಂಡವನ ಲಾಭವೇನೆಂಬುದನ್ನು ಕುರಿತು ಆ ಕಾಲದಲ್ಲಿ ಬೇಕಾದಷ್ಟು ಮಾತು ನಡೆಯಿತು. ಆದರೆ ಅದರ ಮತ್ತೊಂದು ಮುಖವಾದ ಸಾಲಗಾರನ ಲೆಕ್ಕಪುಸ್ತಕದತ್ತ ದೃಷ್ಟಿ ಹಾಯಿಸಿದವರು ವಿರಳ. ಆ ಇಪ್ಪತ್ತು ವರ್ಷಗಳಲ್ಲಿ ಒಂದೊಂದು ವರ್ಷದ ಕೊನೆಗೂ ಈ ಸಾಲದ ಬಡ್ಡಿಯೆಂದು ಸಾಲಗಾರನು ಎಷ್ಟನ್ನು ಬರೆದುಕೊಳ್ಳಬೇಕು? ಹಣ ಸಂದಾಯವಾಗಿಲ್ಲವೆಂಬ ಕಾರಣದಿಂದ ಹತ್ತೊಂಬತ್ತು ವರ್ಷ ಏನನ್ನೂ ಬರೆಯದೆ, ಇಪ್ಪತ್ತನೆಯ ವರ್ಷದಲ್ಲಿ ಒಮ್ಮೆಗೇ 1,07,400 ರೂಪಾಯಿಯ ವೆಚ್ಚವನ್ನು ತೋರಿಸಿದರೆ, ಹಿಂದಿನ ಅಷ್ಟೂ ವರ್ಷಗಳ ಲೆಕ್ಕ ಸುಳ್ಳಾಗುವುದಲ್ಲದೆ, ಕೊನೆಯ ವರ್ಷದ ಲೆಕ್ಕವೂ ಸುಳ್ಳಾಗುತ್ತದೆ. ಏಕೆಂದರೆ ಹಣವನ್ನು ಬಳಸಿಕೊಂಡದ್ದು ಇಪ್ಪತ್ತು ವರ್ಷವೂ, ಬಳಸಿಕೊಂಡದ್ದರ ಬೆಲೆ ಬೆಳೆದದ್ದು ಇಪ್ಪತ್ತು ವರ್ಷವೂ ಆಗಿರುವಾಗ, ಅದು ಒಂದೇ ವರ್ಷದ ಹೊರೆಯಾಗಲಾರದು.

ಈ ಪ್ರಶ್ನೆಗೆ ಲೆಕ್ಕಶಾಸ್ತ್ರವು ಕೊಡುವ ಉತ್ತರಕ್ಕೆ ಪರಿಣಾಮಕ ಬಡ್ಡಿ ಪದ್ಧತಿಯೆಂದು ಹೆಸರು. ನರ್ಮದೆಯ ದೊಡ್ಡ ಉದಾಹರಣೆಗೆ ಕೈಹಾಕುವ ಮೊದಲು, ದಿನನಿತ್ಯದ ವಾಣಿಜ್ಯದಲ್ಲಿ ಕಾಣುವಂಥ ಸಣ್ಣದೊಂದು ಸಾಲಪತ್ರವನ್ನು ಎತ್ತಿಕೊಂಡು ಆ ಪದ್ಧತಿಯ ನಡೆಯನ್ನು ನೋಡುವುದು ಲೇಸು.

ಒಂದು ಕಂಪನಿಯು 1,00,000 ರೂಪಾಯಿ ಮುಖಬೆಲೆಯ ಸಾಲಪತ್ರವನ್ನು ಐದು ವರ್ಷದ ಅವಧಿಗೆ ಹೊರಡಿಸುತ್ತದೆಯೆಂದೂ, ಅದರ ಮೇಲೆ ವರ್ಷಕ್ಕೆ ಶೇಕಡ 8ರಂತೆ, ಅಂದರೆ 8,000 ರೂಪಾಯಿ ಬಡ್ಡಿ ಕೊಡುವುದಾಗಿ ಅಚ್ಚು ಮಾಡಿಸಿದೆಯೆಂದೂ ಇಟ್ಟುಕೊಳ್ಳೋಣ. ಪತ್ರ ಅಚ್ಚಾಗಿ ಪೇಟೆಗೆ ಬರುವ ವೇಳೆಗೆ, ಅದೇ ಬಗೆಯ ಭರವಸೆಯುಳ್ಳ ಸಾಲಗಾರರು ಶೇಕಡ 10 ಕೊಡುತ್ತಿದ್ದಾರೆ. ಹೀಗಿರುವಾಗ ಹತ್ತು ಸಿಕ್ಕುವೆಡೆಯಲ್ಲಿ ಎಂಟಕ್ಕೆ ಒಪ್ಪಿ ಪೂರ್ಣ ಬೆಲೆ ತೆತ್ತು ಇದನ್ನು ಕೊಳ್ಳುವವರು ಯಾರೂ ಇರಲಾರರು. ಪತ್ರದ ಮೇಲೆ ಅಚ್ಚಾದ ಬಡ್ಡಿಯನ್ನು ಬದಲಿಸುವಂತಿಲ್ಲ. ಬದಲಾಗಬಲ್ಲದ್ದು ಪತ್ರದ ಬೆಲೆಯೊಂದೇ. ಆ ಬೆಲೆಯು ಕೊಳ್ಳುವವನಿಗೆ ಶೇಕಡ 10ರ ಪ್ರತಿಫಲ ದೊರಕುವ ಮಟ್ಟಕ್ಕೆ ಇಳಿದು ನಿಲ್ಲುತ್ತದೆ. ಐದು ವರ್ಷದ ಅನಂತರ ಬರುವ ಒಂದು ಲಕ್ಷಕ್ಕೆ, ಶೇಕಡ 10ರ ಲೆಕ್ಕದಲ್ಲಿ, ಇಂದಿನ ಬೆಲೆ 62,092 ರೂಪಾಯಿ. ವರ್ಷವರ್ಷವೂ ಬರುವ ಎಂಟೆಂಟು ಸಾವಿರದ ಐದು ಕಂತುಗಳಿಗೆ ಇಂದಿನ ಬೆಲೆ ಒಟ್ಟು 30,326 ರೂಪಾಯಿ. ಎರಡೂ ಕೂಡಿ 92,418 ರೂಪಾಯಿ. ಮುಖಬೆಲೆಗಿಂತ ಕಡಮೆಯಾದ 7,582 ರೂಪಾಯಿಯೇ ಸೋಡಿ, ಅಂದರೆ ಡಿಸ್ಕೌಂಟು.

ಈ ಸೋಡಿಯ ಸ್ವರೂಪವೇನು? ಕಂಪನಿಗೆ ಇದು ಒಂದು ನಷ್ಟವೆಂದು ಕೆಲವರು ಭಾವಿಸುತ್ತಾರೆ. ಮುಂದೆ ಫಲ ಕೊಡುವ ಆಸ್ತಿಯೆಂಬಂತೆ ಕಾಣಿಸಿದ ಕಾಲವೂ ಒಂದಿತ್ತು. ಎರಡೂ ಸರಿಯಲ್ಲ. ಹಳ್ಳಿಯ ಲೇವಾದೇವಿಗಾರನು ನೂರು ರೂಪಾಯಿಗೆ ಪತ್ರ ಬರೆಯಿಸಿಕೊಂಡು, ಬಡ್ಡಿಯನ್ನು ಮೊದಲೇ ಮುರಿದುಕೊಂಡು, ತೊಂಬತ್ತನ್ನು ಕೈಗಿತ್ತು ಕಳುಹಿಸುವ ವಾಡಿಕೆಯನ್ನು ನಮ್ಮ ರೈತರು ತಲೆಮಾರುಗಳಿಂದ ಬಲ್ಲರು. ಆ ಹತ್ತು ರೂಪಾಯಿ ಬಡ್ಡಿಯಲ್ಲವೆಂದು ಯಾವ ರೈತನೂ ಎಣಿಸಿದ್ದಿಲ್ಲ. ಕಂಪನಿಯ ಸೋಡಿಯೂ ಅದೇ ಜಾತಿಯದು. ಪಡೆದದ್ದು 92,418, ಐದು ವರ್ಷದಲ್ಲಿ ಮರಳಿ ಕೊಡುವುದು ಬಡ್ಡಿಯ ಕಂತುಗಳು 40,000 ಮತ್ತು ಅಸಲಿನ ಹೆಸರಿನಲ್ಲಿ 1,00,000. ಕೊಟ್ಟದ್ದಕ್ಕೂ ಪಡೆದದ್ದಕ್ಕೂ ಇರುವ ಅಂತರವಾದ 47,582 ರೂಪಾಯಿಯೇ ಈ ಸಾಲದ ಪೂರ್ಣ ಬಡ್ಡಿ. ಇದರಲ್ಲಿ 40,000ವು ವರ್ಷವರ್ಷವೂ ನಗದಾಗಿ ಸಲ್ಲುತ್ತದೆ. 7,582 ರೂಪಾಯಿ ಮಾತ್ರ ಸಾಲದ ಒಡಲಿನೊಳಗೇ ಬೆಳೆಯುತ್ತಿದ್ದು ಕೊನೆಯ ದಿನ ಅಸಲಿನ ವೇಷದಲ್ಲಿ ಹೊರಬೀಳುತ್ತದೆ.

ಇಷ್ಟನ್ನು ಒಪ್ಪಿಕೊಂಡರೆ ಮಿಕ್ಕದ್ದು ತಾನಾಗಿಯೇ ಹೊಂದಿಕೊಳ್ಳುತ್ತದೆ. ಸಾಲಪತ್ರ ಮಾರಾಟವಾದ ದಿನ ಕಂಪನಿಯು ನಗದು ಖಾತೆಗೆ 92,418 ರೂಪಾಯಿಯನ್ನೂ, ಸೋಡಿಯ ಖಾತೆಗೆ 7,582 ರೂಪಾಯಿಯನ್ನೂ ಖರ್ಚು ಹಾಕಿ, ಸಾಲಪತ್ರದ ಖಾತೆಗೆ 1,00,000 ರೂಪಾಯಿಯನ್ನು ಜಮಾ ಮಾಡುತ್ತದೆ. ಆದರೆ ಅಢಾವೆ ಪತ್ರಿಕೆಯಲ್ಲಿ ಸೋಡಿಯು ಆಸ್ತಿಯ ಪಾರ್ಶ್ವಕ್ಕೆ ಹೋಗತಕ್ಕದ್ದಲ್ಲ. ಅದನ್ನು ಸಾಲದಿಂದಲೇ ಕಳೆದು, ಹೊಣೆಯನ್ನು 92,418 ಎಂದು ತೋರಿಸಬೇಕು. ಅಂದು ಕಂಪನಿಯು ನಿಜವಾಗಿ ಬಳಸಿಕೊಂಡಿರುವ ಪರರ ಹಣ ಅಷ್ಟೇ ಆಗಿರುವುದರಿಂದ, ಆ ಅಂಕಿಯೇ ಸತ್ಯವಾದ ಅಂಕಿ. ಇದನ್ನು ಪುಸ್ತಕಬೆಲೆ ಎನ್ನೋಣ.

ಮೊದಲ ವರ್ಷದ ಕೊನೆಗೆ ಬಡ್ಡಿಯನ್ನು ಗೊತ್ತುಮಾಡುವಾಗ, ಪತ್ರದ ಮೇಲಣ ಎಂಟನ್ನಾಗಲಿ ಮುಖಬೆಲೆಯ ಲಕ್ಷವನ್ನಾಗಲಿ ನೋಡುವುದಿಲ್ಲ. ವರ್ಷದ ಆರಂಭದ ಪುಸ್ತಕಬೆಲೆಯನ್ನು ಸಾಲ ಹುಟ್ಟಿದ ದಿನದ ಪೇಟೆಯ ದರದಿಂದ ಗುಣಿಸುತ್ತಾರೆ. 92,418ರ ಮೇಲೆ ಶೇಕಡ 10ರಂತೆ 9,242 ರೂಪಾಯಿ ಆ ವರ್ಷದ ಬಡ್ಡಿಯ ವೆಚ್ಚ. ನಗದಾಗಿ ಕೊಟ್ಟದ್ದು 8,000. ಕೊಡದೆ ಉಳಿದ 1,242 ರೂಪಾಯಿ ಸಾಲಕ್ಕೇ ಸೇರುತ್ತದೆ. ಪುಸ್ತಕಬೆಲೆ 93,660 ಆಗುತ್ತದೆ. ಎರಡನೆಯ ವರ್ಷ ಬಡ್ಡಿಯು ಈ ಬೆಳೆದ ಸಾಲದ ಮೇಲೆ, ಅಂದರೆ 9,366 ರೂಪಾಯಿ. ಸಾಲಕ್ಕೆ ಸೇರುವುದು 1,366. ಹೀಗೆಯೇ ಮೂರನೆಯ ವರ್ಷ 1,503, ನಾಲ್ಕನೆಯ ವರ್ಷ 1,653, ಐದನೆಯ ವರ್ಷ 1,818 ರೂಪಾಯಿ ಸೇರಿ, ಕಡೆಯ ದಿನ ಪುಸ್ತಕಬೆಲೆಯು ಒಂದು ರೂಪಾಯಿಯ ಹೆಚ್ಚುಕಡಮೆಯೂ ಇಲ್ಲದೆ 1,00,000ಕ್ಕೆ ಬಂದು ಮುಟ್ಟುತ್ತದೆ. ಕೊಡದ ಬಡ್ಡಿ ಅಸಲಿಗೆ ಸೇರಿ ಅದರ ಮೇಲೂ ಬಡ್ಡಿ ಬೆಳೆಯುವುದರಿಂದ, ವರ್ಷವರ್ಷಕ್ಕೆ ಸೋಡಿಯ ಹೆಚ್ಚಿನ ಭಾಗ ಕರಗುತ್ತದೆ. ಅಂದರೆ ಇದು ಚಕ್ರಬಡ್ಡಿಯಲ್ಲದೆ ಮತ್ತೇನೂ ಅಲ್ಲ; ಕಂಪನಿಯು ಬಾಯಿಯಲ್ಲಿ ಎಂಟೆಂದು ಹೇಳಿದರೂ ಅದರ ಸಾಲವು ವರ್ಷವರ್ಷವೂ ನಿಖರವಾಗಿ ಹತ್ತರ ದರದಲ್ಲಿಯೇ ನಡೆದಿರುತ್ತದೆ.

ಇದಕ್ಕಿಂತ ಸುಲಭವಾದ ದಾರಿಯೊಂದು ಉಂಟು. ಬಹುಕಾಲ ಬಹುಮಂದಿ ಲೆಕ್ಕಿಗರು ಹಿಡಿದದ್ದೂ ಅದನ್ನೇ. 7,582ನ್ನು ಐದರಿಂದ ಭಾಗಿಸಿ, ವರ್ಷಕ್ಕೆ 1,516 ರೂಪಾಯಿಯಂತೆ ಸಮನಾಗಿ ಹಂಚಿಬಿಟ್ಟರೆ, ಪ್ರತಿವರ್ಷದ ಬಡ್ಡಿ 9,516 ಆಗುತ್ತದೆ. ಗುಣಾಕಾರದ ತೊಡಕು ತಪ್ಪುತ್ತದೆ. ಸರಳರೇಖಾ ಪದ್ಧತಿಯೆಂದು ಹೆಸರಾದ ಈ ದಾರಿಯಲ್ಲಿ ಒಟ್ಟು ಮೊತ್ತ ತಪ್ಪುವುದಿಲ್ಲ. ತಪ್ಪುವುದು ವರ್ಷಗಳ ನಡುವಣ ಹಂಚಿಕೆ. ಮೊದಲ ವರ್ಷ 92,418ರ ಸಾಲಕ್ಕೆ 9,516 ಎಂದರೆ ಶೇಕಡ 10.3, ಐದನೆಯ ವರ್ಷ ಸಾಲವು 98,484ಕ್ಕೆ ಏರಿದ್ದರೂ ಬಡ್ಡಿ ಅದೇ 9,516, ಅಂದರೆ ಶೇಕಡ 9.7ಕ್ಕೂ ಕಡಮೆ. ಷರತ್ತು ಒಂದೂ ಬದಲಾಗದಿರುವಾಗ, ಸಾಲದ ದರವು ವರ್ಷವರ್ಷವೂ ಇಳಿಯುತ್ತ ಬಂದಂತೆ ಲೆಕ್ಕಪುಸ್ತಕ ಹೇಳುತ್ತದೆ. ಐದು ವರ್ಷದ ಸಣ್ಣ ಸೋಡಿಯಲ್ಲಿ ಇದು ಕ್ಷಮ್ಯವೆನಿಸೀತು. ನ್ಯೂಯಾರ್ಕಿನ ಯೂನಿಯನ್ ಡೈಮ್ ಸೇವಿಂಗ್ಸ್ ಬ್ಯಾಂಕಿನ ಅಧ್ಯಕ್ಷರಾಗಿದ್ದ ಚಾರ್ಲ್ಸ್ ಎಜ್ರಾ ಸ್ಪ್ರೇಗ್ ಅವರು ಹೂಡಿಕೆಯ ಲೆಕ್ಕವನ್ನು ಕುರಿತು 1904ರಷ್ಟು ಹಿಂದೆಯೇ ಒಂದು ಗ್ರಂಥವನ್ನು ಬರೆದು, ಸಾಲಪತ್ರದ ಬೆಲೆಯು ದರಕ್ಕೆ ಅನುಸಾರವಾಗಿ ಅವಧಿಯಿಂದ ಅವಧಿಗೆ ಹೇಗೆ ಏರಿಳಿಯುತ್ತದೆಂಬುದನ್ನು ಕೋಷ್ಟಕಗಳಿಂದ ತೋರಿಸಿದ್ದರು. ಗಣಿತ ಅಂದೇ ಸಿದ್ಧವಾಗಿತ್ತು. ಅದನ್ನು ಲೆಕ್ಕಿಗನ ಮೇಲೆ ಕಡ್ಡಾಯ ಮಾಡುವ ಮನಸ್ಸು ಒದಗಿ ಬರಲು ಮಾತ್ರ ಅನೇಕ ದಶಕಗಳು ಬೇಕಾದುವು.

ಸರಳ ಹಂಚಿಕೆ ಎಲ್ಲಿ ಕ್ಷಮ್ಯವಲ್ಲವೆಂಬುದನ್ನು ಕಾಣಬೇಕಾದರೆ ನರ್ಮದೆಯ ಸಾಲಪತ್ರಕ್ಕೆ ಬರಬೇಕು. ಅಲ್ಲಿ ನಗದು ಬಡ್ಡಿ ಇಲ್ಲವೇ ಇಲ್ಲ. ಇರುವ ಬಡ್ಡಿಯೆಲ್ಲ ಸೋಡಿಯೇ. 3,600 ರೂಪಾಯಿಯು ಇಪ್ಪತ್ತು ವರ್ಷದಲ್ಲಿ 1,11,000 ಆಗಬೇಕಾದರೆ ವರ್ಷಕ್ಕೆ ಚಕ್ರಬಡ್ಡಿಯ ದರ ಶೇಕಡ 18.7ರಷ್ಟಿರಬೇಕು. ನಿಗಮದ ಪುಸ್ತಕಗಳಲ್ಲಿ ಇದ್ದ ಅಂಕಿಗಳು ಇವೇ ಎಂಬುದು ನನ್ನ ಮಾತಿನ ಅರ್ಥವಲ್ಲ. ಪತ್ರದ ಷರತ್ತುಗಳನ್ನು ಹಿಡಿದು ಪರಿಣಾಮಕ ಪದ್ಧತಿಯಂತೆ ಲೆಕ್ಕ ಕಟ್ಟಿದರೆ ಏನು ಬರುತ್ತದೆಂಬುದನ್ನಷ್ಟೇ ಹೇಳುತ್ತಿದ್ದೇನೆ. ಒಂದು ಪತ್ರಕ್ಕೆ ಮೊದಲ ವರ್ಷದ ಬಡ್ಡಿ 673 ರೂಪಾಯಿ. ಸಾಲ 4,273 ಆಗುತ್ತದೆ. ಎರಡನೆಯ ವರ್ಷದ ಬಡ್ಡಿ 799, ಸಾಲ 5,072. ಅವಧಿಯ ಅರ್ಧ ಮುಗಿದ ಹತ್ತನೆಯ ವರ್ಷದ ಕೊನೆಗೂ ಸಾಲವು ಹೆಚ್ಚುಕಡಮೆ 20,000 ರೂಪಾಯಿಯಲ್ಲಿಯೇ ಇರುತ್ತದೆ. ಕಡೆಯ ಇಪ್ಪತ್ತನೆಯ ವರ್ಷವೊಂದರಲ್ಲಿಯೇ ಸುಮಾರು 17,487 ರೂಪಾಯಿ ಬಡ್ಡಿ ಬೆಳೆಯುತ್ತದೆ. ಇದಕ್ಕೆ ಬದಲಾಗಿ 1,07,400ನ್ನು ಇಪ್ಪತ್ತರಿಂದ ಭಾಗಿಸಿ ಸಮನಾಗಿ ಹಂಚಿದರೆ ವರ್ಷಕ್ಕೆ 5,370 ರೂಪಾಯಿ. ಮೊದಲ ವರ್ಷ 3,600 ರೂಪಾಯಿ ಸಾಲಕ್ಕೆ 5,370 ಬಡ್ಡಿ, ಅಂದರೆ ಶೇಕಡ 149! ಯಾವ ಸಾಲಗಾರನೂ ತೆರದ, ಯಾವ ಸಾಲಿಗನೂ ಕೇಳದ ದರವಿದು. ಕೊನೆಯ ವರ್ಷಕ್ಕೆ ಬಂದರೆ ಅದೇ 5,370 ರೂಪಾಯಿ ಒಂದು ಲಕ್ಷದ ಮೇಲ್ಪಟ್ಟ ಸಾಲಕ್ಕೆ ಶೇಕಡ 5.1ರಷ್ಟು ಮಾತ್ರ ಆಗುತ್ತದೆ. ಹತ್ತನೆಯ ವರ್ಷದ ಕೊನೆಗೆ ಒಂದು ಪದ್ಧತಿಯಲ್ಲಿ 20,000 ಎಂದು ಕಾಣುವ ಹೊಣೆಯು ಇನ್ನೊಂದರಲ್ಲಿ 57,300 ಎಂದು ಕಾಣುತ್ತದೆ. ಇಷ್ಟು ಅಂತರವನ್ನು ಹಂಚಿಕೆಯ ಸೌಕರ್ಯವೆಂದು ಕರೆಯುವುದು ಯಾರಿಂದಲೂ ಸಾಧ್ಯವಿಲ್ಲ.

ಅಣೆಕಟ್ಟಿನಂಥ ನಿರ್ಮಾಣ ನಡೆಯುತ್ತಿರುವ ಕಾಲದಲ್ಲಿ, ಅದಕ್ಕಾಗಿ ತಂದ ಸಾಲದ ಬಡ್ಡಿಯು ಲಾಭ-ನಷ್ಟದ ಖಾತೆಗೆ ಬಾರದೆ ಆ ನಿರ್ಮಾಣದ ವೆಚ್ಚಕ್ಕೇ ಸೇರಬಹುದೆಂಬುದನ್ನು ಇಲ್ಲಿ ಹೇಳಿಬಿಡಬೇಕು. ಬಡ್ಡಿ ಎಲ್ಲಿಗೆ ಸೇರತಕ್ಕದ್ದೆಂಬುದು ಬೇರೆ ಪ್ರಶ್ನೆ, ಆ ವರ್ಷದ ಬಡ್ಡಿ ಎಷ್ಟೆಂಬುದು ಬೇರೆ ಪ್ರಶ್ನೆ; ನಾವು ಎತ್ತಿಕೊಂಡಿರುವುದು ಎರಡನೆಯದನ್ನು. ಕಟ್ಟೆಯ ಬೆಲೆಗೆ ಸೇರಿಸಿದರೂ ಅಂಕಿ ತಪ್ಪಾಗಿದ್ದರೆ ಕಟ್ಟೆಯ ಬೆಲೆ ತಪ್ಪಾಗುತ್ತದೆ.

ಈ ಸಾಲಪತ್ರದ ಕಥೆಯಲ್ಲಿ ಮುಂದೆ ನಡೆದ ಒಂದು ಸಂಗತಿಯು ಪರಿಣಾಮಕ ಪದ್ಧತಿಯ ಬಲವನ್ನೂ ಮಿತಿಯನ್ನೂ ಒಟ್ಟಿಗೇ ತೋರಿಸುವುದರಿಂದ ಅದರ ಬಳಿ ಸ್ವಲ್ಪ ನಿಲ್ಲಬೇಕು. ಪತ್ರ ಕೊಂಡವನಿಗೆ ನಡುವೆ ಕೆಲವು ಗೊತ್ತಾದ ವರ್ಷಗಳಲ್ಲಿ ಹಣವನ್ನು ಹಿಂದಕ್ಕೆ ಪಡೆದು ಹೊರಬರುವ ಹಕ್ಕಿತ್ತು. ಹದಿನೈದನೆಯ ವರ್ಷದ ಕೊನೆಗೆ ಹೊರಬಂದರೆ ಸಿಕ್ಕುವುದು 50,000 ರೂಪಾಯಿ. ತನ್ನಿಚ್ಛೆಯಿಂದ ಸಾಲವನ್ನು ಮೊದಲೇ ತೀರಿಸುವ ಹಕ್ಕನ್ನು ನಿಗಮವು ಇಟ್ಟುಕೊಂಡಿರಲಿಲ್ಲ. ಅಷ್ಟರಲ್ಲಿ ದೇಶದಲ್ಲಿ ಬಡ್ಡಿಯ ದರಗಳು ಬಹಳವಾಗಿ ಇಳಿದುವು. ಹಳೆಯ ದರದ ಈ ಸಾಲ ಅಸಹ್ಯ ಭಾರವಾಗಿ ತೋರತೊಡಗಿತು. 2008ರಲ್ಲಿ ಗುಜರಾತಿನ ಶಾಸನಸಭೆಯು ಈ ಪತ್ರಗಳನ್ನು ಅವಧಿಗೆ ಮೊದಲೇ ವಿಮೋಚಿಸುವ ಅಧಿಕಾರವನ್ನು ನಿಗಮಕ್ಕೆ ಕೊಡುವ ಕಾಯಿದೆಯೊಂದನ್ನು ಮಾಡಿತು. 2009ರ ಜನವರಿಯಲ್ಲಿ, ಹದಿನೈದು ವರ್ಷದ ಕೊನೆಗೆ, ಪತ್ರಕ್ಕೆ 50,000 ರೂಪಾಯಿಯಂತೆ ವಿಮೋಚನೆಯಾಯಿತು.

ಆ ದಿನ ನಿಗಮಕ್ಕೆ ಲಾಭವಾಯಿತೊ, ನಷ್ಟವಾಯಿತೊ? ಮುಂದೆ ಕೊಡಬೇಕಾಗಿದ್ದ 1,11,000ದ ಬದಲು 50,000 ಕೊಟ್ಟು ಮುಗಿಸಿದ್ದರಿಂದ 61,000 ರೂಪಾಯಿ ಉಳಿಯಿತೆಂದು ತಟ್ಟನೆ ಹೇಳುವವರು ಅನೇಕರಿದ್ದಾರು. ಲೆಕ್ಕಪುಸ್ತಕವು ಹಾಗೆ ಹೇಳುವುದಿಲ್ಲ. ಶೇಕಡ 18.7ರಂತೆ ಹದಿನೈದು ವರ್ಷ ಬೆಳೆದ ಸಾಲದ ಪುಸ್ತಕಬೆಲೆ ಸುಮಾರು 47,100 ರೂಪಾಯಿ. ಅದನ್ನು 50,000 ಕೊಟ್ಟು ತೀರಿಸಿದರೆ ಪತ್ರವೊಂದಕ್ಕೆ ಸುಮಾರು 2,900 ರೂಪಾಯಿಯ ನಷ್ಟವನ್ನೇ ಬರೆಯಬೇಕಾಗುತ್ತದೆ! ಉಳಿಯಿತೆಂದು ತೋರಿದ 61,000 ರೂಪಾಯಿ ಇನ್ನೂ ಹುಟ್ಟಿರದ ಐದು ವರ್ಷಗಳ ಬಡ್ಡಿ. ಅದು ಆ ದಿನದ ಸಾಲವಾಗಿರಲಿಲ್ಲ. ಸಾಲಗಾರನು ಇಂದು ಎಷ್ಟು ಕೊಡಬೇಕು, ಮುಂದೆ ಎಷ್ಟು ಕೊಡಬೇಕಾದೀತು ಎಂಬೆರಡನ್ನು ಬೇರ್ಪಡಿಸಿ ತೋರಿಸುವ ಈ ಗುಣವು ಪದ್ಧತಿಯ ಬಲ.

ಆದರೆ ಕೊಂಡವನ ಕಡೆಯಿಂದ ನೋಡಿದರೆ ಬೇರೆಯ ಚಿತ್ರ ಏಳುತ್ತದೆ. ಪೇಟೆಯಲ್ಲಿ ದರವು ಶೇಕಡ 8 ಇದೆಯೆಂದು ಉದಾಹರಣೆಗಾಗಿ ಹಿಡಿದರೆ, ಐದು ವರ್ಷದ ಮೇಲೆ ಬರತಕ್ಕ 1,11,000 ರೂಪಾಯಿಗೆ ಆ ದಿನದ ಬೆಲೆ 75,500ರ ಮೇಲಾಗುತ್ತದೆ. 50,000 ಪಡೆದು ಹೊರಟವನು ಬಿಟ್ಟುಹೋದದ್ದು ಆ ಅಂತರವನ್ನು. ನಿಗಮದ ಪುಸ್ತಕವು 47,100 ಎಂದು ಹೇಳುತ್ತಿದ್ದಾಗ ಅದೇ ಸಾಲಕ್ಕೆ ಪೇಟೆಯು ಇಷ್ಟು ಹೆಚ್ಚಿನ ಬೆಲೆ ಕಟ್ಟಲು ಕಾರಣವೇನೆಂದರೆ, ಪರಿಣಾಮಕ ಪದ್ಧತಿಯು ಸಾಲ ಹುಟ್ಟಿದ ದಿನದ ದರವನ್ನು ಕೊನೆಯತನಕ ಹಿಡಿದಿರುತ್ತದೆ. ಅನಂತರ ಪೇಟೆಯ ದರ ಏರಿದರೂ ಇಳಿದರೂ ಅದಕ್ಕೆ ಕಿವಿಗೊಡುವುದಿಲ್ಲ. ಇದು ಅದರ ಮಿತಿ. ಪುಸ್ತಕಬೆಲೆಯನ್ನು ಪೇಟೆಬೆಲೆಯೆಂದು ಓದುವವನು ಎಡವುತ್ತಾನೆ. ಸಾಲಗಾರನ ವರ್ಷವರ್ಷದ ವೆಚ್ಚವನ್ನು ತಿಳಿಯಲು ಈ ಪದ್ಧತಿ ಯೋಗ್ಯವಾದದ್ದು. ಸಾಲಪತ್ರವನ್ನು ಇಂದು ಮಾರಿದರೆ ಎಷ್ಟು ಬಂದೀತೆಂಬುದನ್ನು ತಿಳಿಯಲು ಅಲ್ಲ.

ನಮ್ಮ ದೇಶದ ಕಾನೂನಿನಲ್ಲಿ ಸೋಡಿಯು ನಡೆದು ಬಂದ ದಾರಿ ನೇರವಾಗಿರಲಿಲ್ಲ. ಹಳೆಯ ಕಂಪನಿ ಕಾಯಿದೆಯ ಆರನೆಯ ಅನುಸೂಚಿಯಂತೆ, ಇನ್ನೂ ವಜಾ ಆಗದಿರುವ ಸೋಡಿಯನ್ನು ಇತರೆ ವೆಚ್ಚಗಳೆಂಬ ತಲೆಬರಹದ ಕೆಳಗೆ ಆಸ್ತಿಯ ಪಾರ್ಶ್ವದಲ್ಲಿಯೇ ತೋರಿಸುವುದು ವಾಡಿಕೆಯಾಗಿತ್ತು. ಮುಂದೆ ಕೊಡಬೇಕಾದ ಬಡ್ಡಿಯು ಕಂಪನಿಯ ಸೊತ್ತಿನ ಪಂಕ್ತಿಯಲ್ಲಿ ಕುಳಿತುಕೊಳ್ಳುವುದು ಎಷ್ಟು ಅಸಂಗತವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದಾಯ ತೆರಿಗೆಯ ವಿಷಯದಲ್ಲಿ ನ್ಯಾಯಾಲಯವು ಇನ್ನೂ ಸ್ಪಷ್ಟವಾದ ದೃಷ್ಟಿಯನ್ನು ತಳೆಯಿತು. ಮದ್ರಾಸ್ ಇಂಡಸ್ಟ್ರಿಯಲ್ ಇನ್‌ವೆಸ್ಟ್‌ಮೆಂಟ್ ಕಾರ್ಪೊರೇಷನ್ 1966ರಲ್ಲಿ ಒಂದೂವರೆ ಕೋಟಿ ರೂಪಾಯಿಯ ಡಿಬೆಂಚರುಗಳನ್ನು ಶೇಕಡ 2ರ ಸೋಡಿಯಲ್ಲಿ ಹೊರಡಿಸಿ 1,47,00,000 ರೂಪಾಯಿಯನ್ನು ಪಡೆದಿತ್ತು. ಅವಧಿ ಹನ್ನೆರಡು ವರ್ಷ. ಮೂರು ಲಕ್ಷದ ಸೋಡಿಯಲ್ಲಿ ಮೊದಲ ಆರು ತಿಂಗಳ ಪಾಲಾದ 12,500 ರೂಪಾಯಿಯನ್ನು ಕಂಪನಿಯೇ ತನ್ನ ಪುಸ್ತಕದಲ್ಲಿ ವಜಾ ಮಾಡಿದ್ದರೂ, ತೆರಿಗೆಯ ವಾದದಲ್ಲಿ ಮೂರು ಲಕ್ಷವನ್ನೂ ಒಮ್ಮೆಗೇ ಕಳೆಯಲು ಕೇಳಿತು. 1997ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನವಿತ್ತಿತು: ಪಡೆದದ್ದಕ್ಕಿಂತ ಹೆಚ್ಚಾಗಿ ಮರಳಿ ಕೊಡುವ ಹೊಣೆಯನ್ನು ವ್ಯಾಪಾರದ ಸಲುವಾಗಿ ಹೊತ್ತಿರುವುದರಿಂದ ಸೋಡಿಯು ನಿಜವಾದ ವೆಚ್ಚವೇ ಸರಿ, ಆದರೆ ಆ ಹಣದ ಪ್ರಯೋಜನ ಹನ್ನೆರಡು ವರ್ಷವೂ ದೊರಕುವುದರಿಂದ ವೆಚ್ಚವನ್ನೂ ಹನ್ನೆರಡು ವರ್ಷಕ್ಕೆ ಹರಡತಕ್ಕದ್ದು. ಹರಡುವುದು ಸಮಭಾಗದಲ್ಲಿಯೇ ಆಯಿತು. ವರ್ಷಕ್ಕೆ 25,000 ರೂಪಾಯಿ ಎಂಬುದು ಪಡೆದ ಸಾಲದ ಶೇಕಡ 0.17ರಷ್ಟು ಮಾತ್ರ ಆದದ್ದರಿಂದ ಚಕ್ರಗತಿಗೂ ಸಮಗತಿಗೂ ಅಲ್ಲಿ ಹೆಚ್ಚಿನ ಭೇದವಿರಲಿಲ್ಲ.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಅನಿಷ್ಟವಾಗಿದ್ದ ವ್ಯವಸ್ಥೆ ಬೇರೊಂದು. ಷೇರುಗಳನ್ನು ಮುಖಬೆಲೆಗಿಂತ ಹೆಚ್ಚಿನ ಬೆಲೆಗೆ ಮಾರಿದಾಗ ಬರುವ ಅಧಿಮೌಲ್ಯದ ನಿಧಿಯಿಂದ ಸಾಲಪತ್ರದ ಸೋಡಿಯನ್ನು ವಜಾ ಮಾಡಿಬಿಡಲು 1956ರ ಕಾಯಿದೆಯ 78ನೆಯ ಪ್ರಕರಣವು ಅನುಮತಿ ಕೊಟ್ಟಿತ್ತು. ಇದರ ಪರಿಣಾಮವೇನು? ನಮ್ಮ ಸಣ್ಣ ಉದಾಹರಣೆಯ ಕಂಪನಿಯು 7,582 ರೂಪಾಯಿಯನ್ನು ಮೊದಲ ದಿನವೇ ಆ ನಿಧಿಯ ಮೇಲೆ ಬರೆದುಬಿಟ್ಟರೆ, ಐದು ವರ್ಷವೂ ಅದರ ಲಾಭ-ನಷ್ಟದ ಖಾತೆಯಲ್ಲಿ ಬಡ್ಡಿಯೆಂದು ಕಾಣುವುದು 8,000 ಮಾತ್ರ. ಮಿಕ್ಕ ಬಡ್ಡಿಯು ಯಾವ ವರ್ಷದ ಲಾಭವನ್ನೂ ಮುಟ್ಟದೆ ಮರೆಯಾಗುತ್ತದೆ. ನಗದು ಬಡ್ಡಿಯೇ ಇಲ್ಲದ ಸಾಲಪತ್ರದಲ್ಲಾದರೆ ಬಡ್ಡಿಯೆಲ್ಲವೂ ಹೀಗೆ ಅದೃಶ್ಯವಾಗಬಹುದಾಗಿತ್ತು. ಇಪ್ಪತ್ತು ವರ್ಷ ಪರರ ಹಣವನ್ನು ಬಳಸಿದ ಕಂಪನಿಯು ತಾನು ಬಡ್ಡಿಯನ್ನೇ ತೆರಲಿಲ್ಲವೆಂಬಂತೆ ಲಾಭವನ್ನು ಉಬ್ಬಿಸಿ ತೋರಿಸಬಹುದಾಗಿತ್ತು. ಷೇರುದಾರರು ಮೂಲಧನವಾಗಿ ಕೊಟ್ಟ ಹಣದಿಂದ ಸಾಲಿಗರ ಬಡ್ಡಿಯನ್ನು ಭರಿಸಿ, ಅದನ್ನು ಲಾಭದ ಲೆಕ್ಕದಿಂದ ಮರೆಮಾಡುವುದು ಕಾನೂನಿಗೆ ಸಮ್ಮತವಾಗಿದ್ದರೂ ಸತ್ಯಕ್ಕೆ ಸಮ್ಮತವಲ್ಲ. 2013ರ ಕಂಪನಿ ಕಾಯಿದೆಯ 52ನೆಯ ಪ್ರಕರಣವು ಈ ಅನುಮತಿಯನ್ನು ಪೂರ್ತಿಯಾಗಿ ತೆಗೆದುಹಾಕಲಿಲ್ಲ. ಆದರೆ ಗೊತ್ತುಪಡಿಸಿದ ಲೆಕ್ಕ ಮಾನದಂಡಗಳನ್ನು ಅನುಸರಿಸುವ ವರ್ಗದ ಕಂಪನಿಗಳು ಅಧಿಮೌಲ್ಯದ ನಿಧಿಯನ್ನು ಬಳಸಬಹುದಾದ ಕಾರ್ಯಗಳ ಪಟ್ಟಿಯಿಂದ ಡಿಬೆಂಚರಿನ ಸೋಡಿಯನ್ನು ಬಿಟ್ಟಿತು. 2016ರ ಏಪ್ರಿಲಿನಿಂದ ದೊಡ್ಡ ಕಂಪನಿಗಳಿಗೆ ಕಡ್ಡಾಯವಾಗತೊಡಗಿದ ಹೊಸ ಭಾರತೀಯ ಮಾನದಂಡಗಳಲ್ಲಿ 109ನೆಯದು, ಸಾಲಗಳನ್ನು ಸಾಮಾನ್ಯವಾಗಿ ಪರಿಣಾಮಕ ಬಡ್ಡಿ ಪದ್ಧತಿಯಿಂದಲೇ ಅಳೆಯಬೇಕೆಂದು ವಿಧಿಸುತ್ತದೆ.

ಇದೇ ಮಾನದಂಡದ ಇನ್ನೊಂದು ವಿಧಿಯನ್ನು ಲೆಕ್ಕಿಗರು ಕೆಲವೊಮ್ಮೆ ಮರೆಯುತ್ತಾರೆ. ಸಾಲಪತ್ರವನ್ನು ಹೊರಡಿಸುವಾಗ ದಲ್ಲಾಳಿಗಳಿಗೂ ವಕೀಲರಿಗೂ ಕೊಟ್ಟ ಹಣವನ್ನೂ ಸೋಡಿಯಂತೆಯೇ ಸಾಲದಿಂದ ಕಳೆಯತಕ್ಕದ್ದು. ನಮ್ಮ ಉದಾಹರಣೆಯಲ್ಲಿ ಅಂಥ ವೆಚ್ಚ 1,418 ರೂಪಾಯಿ ಆಯಿತೆಂದರೆ, ಕೈಗೆ ಉಳಿದದ್ದು 91,000. ಅದೇ ಪುಸ್ತಕಬೆಲೆಯ ಆರಂಭ. ಮುಂದೆ ಕೊಡುವ ಹಣ ಮೊದಲಿನಷ್ಟೇ ಆಗಿದ್ದು ಪಡೆದದ್ದು ಕಡಮೆಯಾದ ಕಾರಣ, ಸಾಲದ ದರವು ಶೇಕಡ 10ರಲ್ಲಿ ನಿಲ್ಲದೆ ಶೇಕಡ 10.4ರ ಸಮೀಪಕ್ಕೆ ಏರುತ್ತದೆ. ವೆಚ್ಚವನ್ನು ಕಳೆದ ಮೇಲೂ ಹಳೆಯ 10ರ ದರವನ್ನೇ ಹಿಡಿದು ನಡೆದವನ ಪುಸ್ತಕಬೆಲೆ ಐದನೆಯ ವರ್ಷದ ಕೊನೆಗೆ ಒಂದು ಲಕ್ಷವನ್ನು ಮುಟ್ಟುವುದೇ ಇಲ್ಲ. ಕೋಷ್ಟಕವು ಮುಖಬೆಲೆಯಲ್ಲಿ ಬಂದು ನಿಲ್ಲದಿದ್ದರೆ ದರ ತಪ್ಪಿದೆಯೆಂದೇ ಅರ್ಥ. ಆ ಕೊರತೆಯನ್ನು ಕೊನೆಯ ವರ್ಷದ ಬಡ್ಡಿಗೆ ತುರುಕಿ ಸರಿಪಡಿಸುವುದು ತಪ್ಪಿನ ಮೇಲೆ ಮತ್ತೊಂದು ತಪ್ಪು. ಬಡ್ಡಿಯನ್ನು ಆರು ತಿಂಗಳಿಗೊಮ್ಮೆ ಕೊಡುವ ಪತ್ರವಾದರೆ, ದರವನ್ನೂ ಕೋಷ್ಟಕವನ್ನೂ ಅರ್ಧವರ್ಷದ ಅಳತೆಯಲ್ಲಿಯೇ ಕಟ್ಟಬೇಕು.

ಕಂಪನಿಯ ಷೇರನ್ನೊ ಸಾಲಪತ್ರವನ್ನೊ ಇಟ್ಟುಕೊಂಡಿರುವ ಓದುಗರಲ್ಲಿ ನನ್ನದೊಂದು ಬಿನ್ನಹ. ವಾರ್ಷಿಕ ವರದಿ ಕೈಗೆ ಬಂದಾಗ ಸಾಲಗಳ ವಿವರವಿರುವ ಟಿಪ್ಪಣಿಯನ್ನು ತೆರೆದು, ಸೋಡಿಯಲ್ಲಿ ಹೊರಟ ಸಾಲಪತ್ರದ ಕಳೆದ ವರ್ಷದ ಕೊನೆಯ ಪುಸ್ತಕಬೆಲೆಯನ್ನು ಬರೆದುಕೊಳ್ಳಿ; ಈ ವರ್ಷ ಹೊಸ ಪತ್ರ ಹೊರಡದೆಯೂ ಆ ಅಂಕಿ ಸ್ವಲ್ಪ ಏರಿರಬೇಕು. ಆ ಏರಿಕೆಯನ್ನು ನಗದಾಗಿ ಕೊಟ್ಟ ಬಡ್ಡಿಗೆ ಕೂಡಿಸಿ, ಕಳೆದ ವರ್ಷದ ಪುಸ್ತಕಬೆಲೆಯಿಂದ ಭಾಗಿಸಿ. ಮರುವರ್ಷವೂ ಹಾಗೆಯೇ ಮಾಡಿ. ಎರಡು ವರ್ಷವೂ ಒಂದೇ ದರ ಬಂದರೆ ಲೆಕ್ಕ ನೇರವಾಗಿದೆ. ದರವು ವರ್ಷವರ್ಷಕ್ಕೆ ಇಳಿಯುತ್ತಿದ್ದರೆ ಸೋಡಿಯನ್ನು ಸಮಭಾಗ ಮಾಡಿ ಹಂಚಿರುವ ಸಂಭವ ಹೆಚ್ಚು. ಪುಸ್ತಕಬೆಲೆ ಏರದೆ ಮೊದಲ ದಿನದಿಂದಲೂ ಮುಖಬೆಲೆಯಲ್ಲಿಯೇ ನಿಂತಿದ್ದರೆ, ಸೋಡಿ ಎಲ್ಲಿಗೆ ಹೋಯಿತೆಂದು ವಾರ್ಷಿಕ ಸಭೆಯಲ್ಲಿ ಎದ್ದು ಕೇಳಿ.